ಕೊನೆಯ ಮಾತ್ರೆ ನುಂಗಿ ಒಂದು ವರ್ಷ

ಕ್ಷಯ ರೋಗದಲ್ಲಿ ಚಿಕಿತ್ಸೆ ಮುಗಿದ ಮೇಲಿನ ಮೊದಲ ವರ್ಷಕ್ಕೆ ವೈದ್ಯರು ವಿಶೇಷ ಬೆಲೆ ಕೊಡುತ್ತಾರೆ. ಹಾಗೆ ಕೊಡಲು ಗಟ್ಟಿಯಾದ ಕಾರಣವಿದೆ. ಮಾತ್ರೆ ನಿಲ್ಲಿಸಿದ ಮೇಲೆ ರೋಗ ಮತ್ತೆ ತಲೆ ಎತ್ತುವುದಾದರೆ ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ ಎತ್ತುತ್ತದೆ. ಸಾಮಾನ್ಯ ಟಿ.ಬಿ. ಮೇಲೆ ದಶಕಗಳ ಹಿಂದೆ ನಡೆದ ದೊಡ್ಡ ಪ್ರಯೋಗಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮರುಕಳಿಸಿದ ಹತ್ತು ಪ್ರಕರಣಗಳಲ್ಲಿ ಸುಮಾರು ಒಂಬತ್ತು ವರ್ಷದೊಳಗೇ ಕಾಣಿಸಿಕೊಂಡಿದ್ದವು. ಔಷಧಿಗೆ ಬಗ್ಗದ ಎಂ.ಡಿ.ಆರ್. ಟಿ.ಬಿ. ಬಂದವರ ಮೇಲೆ ನಮ್ಮ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮ ಇನ್ನೂ ಹೆಚ್ಚು ಕಾಲ ಕಣ್ಣಿಡುತ್ತದೆ. ಚಿಕಿತ್ಸೆ ಮುಗಿದ ಮೇಲೆ ಆರು, ಹನ್ನೆರಡು, ಹದಿನೆಂಟು, ಇಪ್ಪತ್ನಾಲ್ಕನೇ ತಿಂಗಳಲ್ಲಿ ಅವರನ್ನು ಕರೆದು ನೋಡುತ್ತದೆ.

ಆದ್ದರಿಂದ ಎಂ.ಡಿ.ಆರ್. ಟಿ.ಬಿ. ಚಿಕಿತ್ಸೆ ಮುಗಿಸಿದ ಗೆಳತಿಗೆ ವರ್ಷ ತುಂಬಿದ ದಿನ ನಾಲ್ಕು ಸಾಲು ಬರೆಯಲು ಕೂತವರಿಗೆ ಸಂತೋಷಪಡಲು ನಿಜವಾದ ಕಾರಣವಿದೆ. ಮಾತನ್ನು ತೂಗಿ ಆಡಲೂ ಅಷ್ಟೇ ನಿಜವಾದ ಕಾರಣವಿದೆ. ಈ ಎರಡನ್ನೂ ಒಂದೇ ಸಂದೇಶದಲ್ಲಿ ಹಿಡಿಯುವುದು ಹೇಗೆಂದು ಯೋಚಿಸಲು ನನಗೆ ಈ ವರ್ಷದ ಆರಂಭದಲ್ಲಿ ಒಂದು ಸಂದರ್ಭ ಬಂತು. ಒಳ್ಳೆಯ ಮನಸ್ಸಿನಿಂದ ಬರೆದ ಮಾತೇ ಕೆಲವೊಮ್ಮೆ ಓದುವವರನ್ನು ಎಷ್ಟು ನೋಯಿಸುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ನನ್ನ ಗೆಳತಿ ಶಿವಮೊಗ್ಗ ಕಡೆಯ ಶಾಲೆಯೊಂದರಲ್ಲಿ ಟೀಚರ್. ಕೆಮ್ಮು ನಿಲ್ಲದೆ, ಸಂಜೆಯಾದರೆ ಮೈ ಬಿಸಿಯಾಗಿ, ಸೀರೆಯ ಕುಪ್ಪಸಗಳೆಲ್ಲ ಸಡಿಲವಾದಾಗ ಕಫ ಪರೀಕ್ಷೆಗೆ ಹೋದಳು. ಸಿಬಿನ್ಯಾಟ್ ಯಂತ್ರ ಎರಡು ಸಂಗತಿ ಹೇಳಿತು. ಟಿ.ಬಿ. ಇದೆ, ಮತ್ತು ಆ ರೋಗಾಣುವಿನ ಮೇಲೆ ರಿಫಾಂಪಿಸಿನ್ ಕೆಲಸ ಮಾಡುವುದಿಲ್ಲ. ಮುಂದಿನ ಪರೀಕ್ಷೆಯಲ್ಲಿ ಐಸೋನಿಯಾಜಿಡ್ ಕೂಡ ಕೆಲಸ ಮಾಡುವುದಿಲ್ಲ ಎಂದಾಯಿತು. ಟಿ.ಬಿ. ಚಿಕಿತ್ಸೆಯ ಎರಡು ಮುಖ್ಯ ಕಂಬಗಳೇ ಇವು. ಇವೆರಡೂ ಕೈಕೊಟ್ಟರೆ ಎಂ.ಡಿ.ಆರ್. ಎನ್ನುತ್ತಾರೆ. ಬಿಪಾಲ್‌ಎಂ ಎಂಬ ಆರು ತಿಂಗಳ ಹೊಸ ಚಿಕಿತ್ಸೆಗೆ ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿಗೆ ಕೊಟ್ಟಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಇವಳ ಚಿಕಿತ್ಸೆ ಅದಕ್ಕೂ ಮೊದಲೇ ಶುರುವಾಗಿದ್ದರಿಂದ ಹಳೆಯ ಉದ್ದದ ದಾರಿಯನ್ನೇ ಹಿಡಿಯಬೇಕಾಯಿತು. ಹದಿನೆಂಟರಿಂದ ಇಪ್ಪತ್ತು ತಿಂಗಳ ದಾರಿ ಅದು.

ಆ ದಾರಿಯಲ್ಲಿ ಏನೇನಿತ್ತು ಎಂದು ತಿಳಿಯದೆ ಸಂದೇಶ ಬರೆದರೆ ಅದು ಯಾರಿಗೆ ಬೇಕಾದರೂ ಕಳಿಸಬಹುದಾದ ಶುಭಾಶಯವಾಗುತ್ತದೆ. ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲ ಎರಡು ವಾರ ದಿನವೂ, ಆಮೇಲೆ ವಾರಕ್ಕೆ ಮೂರು ದಿನದಂತೆ ಆರು ತಿಂಗಳು ಬೆಡಾಕ್ವಿಲಿನ್. ಅದು ಹೃದಯದ ಬಡಿತದ ಲಯವನ್ನು ಏರುಪೇರು ಮಾಡಬಲ್ಲದು, ಅದಕ್ಕಾಗಿ ಮತ್ತೆ ಮತ್ತೆ ಇ.ಸಿ.ಜಿ. ಜೊತೆಗೆ ಲಿವೋಫ್ಲಾಕ್ಸಸಿನ್, ಲಿನೆಜೋಲಿಡ್, ಕ್ಲೊಫಾಜಿಮಿನ್, ಸೈಕ್ಲೋಸರಿನ್. ಲಿನೆಜೋಲಿಡ್ ಬಹಳ ಒಳ್ಳೆಯ ಔಷಧಿ, ಆದರೆ ತಿಂಗಳುಗಟ್ಟಲೆ ತೆಗೆದುಕೊಂಡರೆ ಅಂಗಾಲು ಜೋಮು ಹಿಡಿದು ಉರಿಯತೊಡಗುತ್ತದೆ, ರಕ್ತ ಇಳಿಯುತ್ತದೆ, ಕೆಲವರಿಗೆ ಕಣ್ಣು ಮಂಜಾಗುತ್ತದೆ. ಸೈಕ್ಲೋಸರಿನ್ ನಿದ್ದೆ ಕೆಡಿಸುತ್ತದೆ, ಮನಸ್ಸನ್ನು ಕುಗ್ಗಿಸುತ್ತದೆ. ನಗುನಗುತ್ತಾ ಇದ್ದ ಮನುಷ್ಯರು ಸುಮ್ಮಸುಮ್ಮನೆ ಅಳುವುದನ್ನು ಮನೆಯವರು ಸ್ವಭಾವ ಕೆಟ್ಟಿತೆಂದು ತಿಳಿಯುತ್ತಾರೆ. ಅದು ಆ ಮಾತ್ರೆಯ ಕೆಲಸವಾಗಿರಬಹುದು, ವೈದ್ಯರಿಗೆ ಹೇಳಬೇಕಾದ ಸಂಗತಿ.

ಕ್ಲೊಫಾಜಿಮಿನ್ ಕತೆ ಬೇರೆ. ಅದು ಐರ್ಲೆಂಡಿನ ಡಬ್ಲಿನ್‌ನಲ್ಲಿ 1950ರ ದಶಕದಲ್ಲಿ ಟಿ.ಬಿ.ಗೆಂದೇ ತಯಾರಾಗಿ, ಬಳಕೆಗೆ ಬಂದದ್ದು ಮಾತ್ರ ಕುಷ್ಠರೋಗದಲ್ಲಿ. ಈಗ ಅದನ್ನು ಮತ್ತೆ ಟಿ.ಬಿ.ಗೆ ಕರೆತಂದಿದ್ದಾರೆ. ಅದು ಬಣ್ಣವೂ ಹೌದು. ಚರ್ಮದಲ್ಲಿ ಸೇರಿಕೊಂಡು ಮುಖ, ಕೈಗಳನ್ನು ಕೆಂಪುಮಿಶ್ರಿತ ಕಪ್ಪು ಮಾಡುತ್ತದೆ, ಚರ್ಮ ಒಣಗಿಸಿ ಪದರ ಏಳಿಸುತ್ತದೆ. ಮಾತ್ರೆ ನಿಲ್ಲಿಸಿದ ಮರುದಿನ ಬಣ್ಣ ಹೋಗುವುದಿಲ್ಲ. ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಚಿಕಿತ್ಸೆ ಮುಗಿಸಿ ಒಂದು ವರ್ಷವಾದ ದಿನವೂ ನನ್ನ ಗೆಳತಿಯ ಕೆನ್ನೆಯ ಮೇಲೆ ಅದರ ಛಾಯೆ ಇತ್ತು.

ಇನ್ನೊಂದು ಸಣ್ಣ ಸಂಗತಿ ಇದೆ, ಅದು ಯಾವ ಆಸ್ಪತ್ರೆಯ ಕಾಗದದಲ್ಲೂ ದೊಡ್ಡದಾಗಿ ಕಾಣುವುದಿಲ್ಲ. ಲಿವೋಫ್ಲಾಕ್ಸಸಿನ್ ನುಂಗುವ ಹೊತ್ತಿಗೆ ಹಾಲು, ಕಬ್ಬಿಣಾಂಶ ಅಥವಾ ಸುಣ್ಣಾಂಶದ ಮಾತ್ರೆ, ಆಮ್ಲಪಿತ್ತದ ಔಷಧಿ ಹೊಟ್ಟೆಗೆ ಹೋದರೆ ಅದು ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಎರಡು ಗಂಟೆಯ ಅಂತರ ಇಡಿ ಎನ್ನುತ್ತಾರೆ. ಎದ್ದ ಕೂಡಲೇ ಹಬೆಯಾಡುವ ಕಾಫಿ ಇಲ್ಲದೆ ಬಾಯಿ ಬಿಡದ ಹೆಂಗಸು ಇವಳು. ಮಾತ್ರೆಗಳನ್ನು ಒಂದೊಂದಾಗಿ ನೀರಿನಲ್ಲಿ ನುಂಗಿ, ಗಡಿಯಾರ ನೋಡುತ್ತಾ, ಮನೆಯಲ್ಲಿ ಉಳಿದವರ ಕಾಫಿಯ ಘಮ ಮೂಗಿಗೆ ಬಡಿಯುವಾಗ ಸುಮ್ಮನೆ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದಳು. ಶಾಲೆಗೆ ರಜೆ ಹಾಕಿದ್ದ ದಿನಗಳಲ್ಲಿ ನಾನು ಹೋದಾಗಲೆಲ್ಲ ಕಂಡದ್ದು ಆ ಕಾಯುವಿಕೆಯನ್ನೇ. ಹದಿನೆಂಟು ತಿಂಗಳ ಚಿಕಿತ್ಸೆ ಎಂದರೆ ಏನೆಂದು ನನಗೆ ಅರ್ಥವಾದದ್ದು ತಣ್ಣಗಾಗುತ್ತಿದ್ದ ಅವಳ ಪಾಲಿನ ಕಾಫಿ ಲೋಟವನ್ನು ನೋಡಿ.

ಇನ್ನು ಸಂದೇಶದ ಮಾತಿಗೆ ಬರುತ್ತೇನೆ. ಮೊದಲ ತೊಡಕು ತಾರೀಖಿನದು. ಹನ್ನೆರಡನೇ ತಿಂಗಳ ತಪಾಸಣೆಗೆ ಅವಳ ವೈದ್ಯರು ಎಕ್ಸ್‌ರೇ ತೆಗೆಸಿ, ಬೆಳಗಿನ ಕಫವನ್ನು ಕಲ್ಚರ್‌ಗೆ ಕಳಿಸಿದ್ದರು. ಕಲ್ಚರ್ ಎಂದರೆ ಕಫದಲ್ಲಿ ಜೀವಂತ ರೋಗಾಣು ಇದ್ದರೆ ಅದನ್ನು ಬೆಳೆಸಿ ನೋಡುವುದು. ಟಿ.ಬಿ. ರೋಗಾಣು ಬಹಳ ನಿಧಾನವಾಗಿ ಬೆಳೆಯುವ ಜೀವಿ. ಏನೂ ಬೆಳೆಯಲಿಲ್ಲ ಎಂದು ಖಚಿತವಾಗಿ ಹೇಳಲು ದ್ರವ ಮಾಧ್ಯಮದಲ್ಲಿ ಆರು ವಾರ ಕಾಯುತ್ತಾರೆ. ಎರಡು ಗಂಟೆಯಲ್ಲಿ ಉತ್ತರ ಕೊಡುವ ಸಿಬಿನ್ಯಾಟ್ ಇದೆಯಲ್ಲ, ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರೂನ್ಯಾಟ್ ಇದೆಯಲ್ಲ ಎಂದು ಕೇಳಬಹುದು. ಅವು ಹುಡುಕುವುದು ರೋಗಾಣುವಿನ ಡಿ.ಎನ್.ಎ.ಯನ್ನು. ಸತ್ತ ರೋಗಾಣುವಿನ ಚೂರುಗಳು ಚಿಕಿತ್ಸೆ ಮುಗಿದ ಎಷ್ಟೋ ಕಾಲದ ಮೇಲೂ ಕಫದಲ್ಲಿ ಬರಬಹುದು. ಹಿಂದೆ ಟಿ.ಬಿ. ಬಂದು ಹೋದವರಲ್ಲಿ ಆ ಯಂತ್ರ 'ಇದೆ' ಎಂದರೂ ರೋಗ ಇಲ್ಲದಿರಬಹುದು. ಹಾಗಾಗಿ ಇಂಥವರ ವಿಷಯದಲ್ಲಿ ಕಲ್ಚರ್ ಮಾತೇ ಕೊನೆಯ ಮಾತು.

ಹೀಗಾಗಿ ಕೊನೆಯ ಮಾತ್ರೆಗೆ ವರ್ಷ ತುಂಬಿದ ದಿನ ವರದಿ ಕೈಗೆ ಬಂದಿರಲಿಲ್ಲ. ವರದಿ ಬರುವವರೆಗೆ ಸುಮ್ಮನಿರುವುದೇ ಜಾಣತನ ಎಂದು ನಮ್ಮಿಬ್ಬರಿಗೂ ಗೆಳೆಯರಾದ ಒಬ್ಬರು ಹೇಳಿದರು. ಈಗಲೇ ಸಂಭ್ರಮಿಸಿ ನಾಳೆ ಬೇರೆ ಏನಾದರೂ ಬಂದರೆ ಎಂಬುದು ಅವರ ಅಳುಕು. ದೃಷ್ಟಿಯಾದೀತು ಎಂಬ ಅಳುಕೂ ಅದರ ಹಿಂದೆ ಇತ್ತು. ನಾನು ಒಪ್ಪಲಿಲ್ಲ. ವರದಿ ಹೇಳುವುದು ಮುಂದಿನ ದಿನಗಳ ಬಗ್ಗೆ. ನಾವು ಸಂತೋಷಪಡಬೇಕಾದದ್ದು ಆಗಲೇ ಆಗಿಹೋಗಿರುವ ಕೆಲಸದ ಬಗ್ಗೆ. ಒಂದು ದಿನವೂ ಬಿಡದೆ ಹದಿನೆಂಟು ತಿಂಗಳು ಆ ಮಾತ್ರೆಗಳನ್ನು ನುಂಗಿದ್ದಾಳೆ, ಆಮೇಲೆ ಒಂದು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದಾಳೆ. ಯಾವ ಪ್ರಯೋಗಾಲಯದ ಕಾಗದವೂ ಇದನ್ನು ಅಳಿಸಲಾರದು. ಸಂತೋಷವನ್ನು ವರದಿಗೆ ಕಟ್ಟಿಹಾಕಿದರೆ, ವರದಿ ಒಳ್ಳೆಯದಾಗಿ ಬಂದರೆ ಮಾತ್ರ ನೀನು ಮಾಡಿದ್ದಕ್ಕೆ ಬೆಲೆ ಎಂದು ಹೇಳಿದಂತಾಗುತ್ತದೆ. ಅದಕ್ಕೇ ಅದೇ ದಿನ ಬರೆಯುವುದೆಂದು ನಿಶ್ಚಯಿಸಿದೆ.

ಎರಡನೆಯದು, ಎಲ್ಲಿ ಬರೆಯಬೇಕು ಎಂಬುದು. ಅವಳಿಗೆ ಟಿ.ಬಿ. ಬಂದಿತ್ತೆಂದು ಗೊತ್ತಿರುವವರು ಮನೆಯವರು ಮತ್ತು ಒಂದಿಬ್ಬರು ಗೆಳತಿಯರು. ಸ್ಟಾಫ್‌ರೂಮಿನಲ್ಲಿ ಅದು ಬರೀ 'ಶ್ವಾಸಕೋಶದ ತೊಂದರೆ'. ಮದುವೆಗೆ ಬಂದ ಮಗಳಿದ್ದಾಳೆ ಮನೆಯಲ್ಲಿ. ಟಿ.ಬಿ. ವಂಶಪಾರಂಪರ್ಯವಲ್ಲ, ತಟ್ಟೆ ಲೋಟದಿಂದ ಹರಡುವುದಿಲ್ಲ, ಗುಣವಾದವರಿಂದ ಅಂಟುವುದಿಲ್ಲ ಎಂದು ಎಷ್ಟು ಹೇಳಿದರೂ ಸಂಬಂಧ ಬೆಳೆಸಲು ಬರುವವರ ಕಿವಿಗೆ ಆ ಎರಡಕ್ಷರ ಬೀಳಬಾರದು ಎಂದು ಆ ತಾಯಿ ಬಯಸಿದರೆ ಅದು ಅವಳ ಹಕ್ಕು. ಹಾಗಾಗಿ ಗುಂಪಿನಲ್ಲಿ ಹಾಕುವಂತಿಲ್ಲ, ಸ್ಟೇಟಸ್ಸಿಗೆ ಫೋಟೋ ಏರಿಸುವಂತಿಲ್ಲ, ಕೇಕಿನ ಮೇಲೆ ಬರೆಸುವಂತಿಲ್ಲ. ಅವಳೊಬ್ಬಳಿಗೇ ಹೋಗುವ ಸಂದೇಶದಲ್ಲೂ ರೋಗದ ಹೆಸರು ಬರಕೂಡದು. ಮೇಜಿನ ಮೇಲಿಟ್ಟ ಫೋನಿನ ಪರದೆಯ ಮೇಲೆ ಮೊದಲ ಸಾಲು ತಾನಾಗಿ ಮೂಡುತ್ತದೆ, ಪಕ್ಕದಲ್ಲಿ ಕೂತವರು ಓದುತ್ತಾರೆ. ಗೆಳತಿಗೆ ಅರ್ಥವಾಗಿ ಬೇರೆಯವರಿಗೆ ಅರ್ಥವಾಗದಂತೆ ಮೊದಲ ಸಾಲು ಬರೆಯುವುದು ಕಷ್ಟವೇನಲ್ಲ.

ಮೂರನೆಯದೇ ನಿಜವಾದ ಕೆಲಸ, ಮಾತುಗಳನ್ನು ಆರಿಸುವುದು. ಇಂಥ ದಿನಗಳಿಗೆಂದು ಎಲ್ಲರ ಬಾಯಲ್ಲೂ ತಯಾರಿರುವ ಒಂದು ಮಾದರಿ ಇದೆ. 'ಹೋರಾಡಿ ಗೆದ್ದೆ, ಇನ್ನು ಯಾವ ಭಯವೂ ಇಲ್ಲ, ಹಳೆಯದನ್ನೆಲ್ಲ ಮರೆತುಬಿಡು, ಈಗ ಎಷ್ಟು ಚೆನ್ನಾಗಿ ಕಾಣ್ತೀಯ.' ಪ್ರೀತಿಯಿಂದಲೇ ಬರುವ ಮಾತುಗಳು. ಒಂದೊಂದನ್ನೂ ಅವಳ ಕಣ್ಣಿನಿಂದ ಓದಿದರೆ ಬೇರೆಯೇ ಕಾಣುತ್ತದೆ.

ಚಿಕಿತ್ಸೆಯ ಶುರುವಿನಲ್ಲಿ ಅವಳು ಆಸ್ಪತ್ರೆಯ ವಾರ್ಡಿನಲ್ಲಿ ಕೆಲವು ದಿನ ಇದ್ದಳು. ಎದುರಿನ ಮಂಚದಲ್ಲಿ ಗ್ಯಾರೇಜಿನಲ್ಲಿ ದುಡಿಯುವ ಹುಡುಗನೊಬ್ಬ. ಇವಳಷ್ಟೇ ಮಾತ್ರೆ ನುಂಗಿದ, ಇವಳಷ್ಟೇ ವಾಂತಿ ಮಾಡಿಕೊಂಡ. ಅವನು ಉಳಿಯಲಿಲ್ಲ. 'ಹೋರಾಡಿ ಗೆದ್ದೆ' ಎಂದು ಯಾರಾದರೂ ಹೇಳಿದಾಗಲೆಲ್ಲ ಅವಳಿಗೆ ಆ ಹುಡುಗ ನೆನಪಾಗುತ್ತಾನೆ. ಅವನೇನು ಹೋರಾಡಲಿಲ್ಲವೇ ಎಂದು ಒಮ್ಮೆ ನನ್ನನ್ನೇ ಕೇಳಿದ್ದಳು. ಯಾರು ಉಳಿಯುತ್ತಾರೆ ಎಂಬುದನ್ನು ರೋಗ ಎಷ್ಟು ಬೇಗ ಪತ್ತೆಯಾಯಿತು, ಶ್ವಾಸಕೋಶ ಎಷ್ಟು ಹಾಳಾಗಿತ್ತು, ರೋಗಾಣು ಎಷ್ಟು ಔಷಧಿಗಳಿಗೆ ಬಗ್ಗದಾಗಿತ್ತು, ಮೈಯಲ್ಲಿ ಎಷ್ಟು ಕಸುವಿತ್ತು ಎಂಬವು ಬಹುಮಟ್ಟಿಗೆ ನಿರ್ಧರಿಸುತ್ತವೆ. ಛಲವೊಂದೇ ಅಲ್ಲ. ಹೀಗಾಗಿ ಗೆಲುವಿನ ಮಾತನ್ನು ಪೂರ್ತಿ ಬಿಟ್ಟೆ.

'ಇನ್ನು ಭಯವಿಲ್ಲ' ಎನ್ನುವುದು ನಮ್ಮ ಕೈಯಲ್ಲಿಲ್ಲದ ಭರವಸೆ. ವರ್ಷ ದಾಟಿದ್ದು ದೊಡ್ಡ ಸಮಾಧಾನ, ಆದರೆ ಇನ್ನೊಂದು ವರ್ಷದ ತಪಾಸಣೆ ಬಾಕಿ ಇದೆ. ಹಳೆಯದು ಮರುಕಳಿಸದೆ ಹೊಸದಾಗಿ ಸೋಂಕು ತಗಲುವುದೂ ಉಂಟು, ನಮ್ಮ ದೇಶದಲ್ಲಿ ಈ ರೋಗ ಅಷ್ಟು ಹರಡಿಕೊಂಡಿದೆ. ಭಯವೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರೆ, ಸಣ್ಣ ಕೆಮ್ಮು ಬಂದಾಗ ಹೇಳಿಕೊಳ್ಳಲು ಅವಳಿಗೆ ಬಾಯಿ ಬರುವುದಿಲ್ಲ. ನಿಜವಾದ ಅಪಾಯ ಇರುವುದು ಅಲ್ಲಿ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ರಾತ್ರಿಯ ಬೆವರು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದೊಂದು ಕಂಡರೂ ಅವಳು ಅವತ್ತೇ ಹೇಳಬೇಕು. ಅದು ಮರುಕಳಿಕೆಯೇ ಆಗಿರಬೇಕೆಂದೇನೂ ಇಲ್ಲ. ಟಿ.ಬಿ. ಮಾಡಿಹೋದ ಹಾನಿಯಿಂದ ಅಗಲವಾಗಿ ಉಳಿದ ಶ್ವಾಸನಾಳಗಳಲ್ಲಿ ಬೇರೆ ಸೋಂಕು ಆಗಬಹುದು, ಅಲ್ಲಿಂದಲೂ ರಕ್ತ ಬರಬಹುದು. ಯಾವುದು ಏನೆಂದು ಪರೀಕ್ಷೆ ಮಾಡಿಯೇ ತಿಳಿಯಬೇಕು.

'ಮರೆತುಬಿಡು' ಎಂಬುದಂತೂ ಇವಳಿಗೆ ಹೇಳಲೇಬಾರದ ಮಾತು. ಕೈಯ ಮೇಲೆ ಸುಟ್ಟ ಗಾಯ ಮಾಯ್ದ ಮೇಲೂ ಕಲೆ ಉಳಿಯುವ ಹಾಗೆ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಉಳಿದುಬಿಟ್ಟಿರುತ್ತದೆ. ನಾಳೆ ಬೇರೆ ಊರಿನಲ್ಲಿ ಬೇರೆ ಕಾರಣಕ್ಕೆ ಎಕ್ಸ್‌ರೇ ತೆಗೆಸಿದರೆ, ಹಳೆಯದು ಗೊತ್ತಿಲ್ಲದ ವೈದ್ಯರು ಅದನ್ನೇ ಹೊಸ ರೋಗವೆಂದು ತಿಳಿದು ಮತ್ತೆ ಮಾತ್ರೆ ಶುರುಮಾಡಬಹುದು. ಎರಡು ಫಿಲ್ಮುಗಳನ್ನು ಅಕ್ಕಪಕ್ಕ ಹಿಡಿದು ನೋಡಿದರೆ ಕಲೆ ಇದ್ದಲ್ಲೇ ಇದೆ, ಬೆಳೆದಿಲ್ಲ ಎಂದು ಕಾಣುತ್ತದೆ. ಅದಕ್ಕೆ ಹಳೆಯ ಎಕ್ಸ್‌ರೇ, ಚಿಕಿತ್ಸೆಯ ಕಾರ್ಡು, ಯಾವ ಯಾವ ಔಷಧಿ ಎಷ್ಟು ತಿಂಗಳು ಎಂಬ ಕಾಗದ ಎಲ್ಲವೂ ಬೀರುವಿನಲ್ಲಿ ಭದ್ರವಾಗಿ ಇರಬೇಕು. ಅವಳು ನೆನಪಿಟ್ಟುಕೊಂಡಿದ್ದಾಳೆ ಎಂಬುದೇ ಅವಳಿಗೆ ರಕ್ಷೆ.

ಇನ್ನು ಮೈಬಣ್ಣದ, ಮೈತೂಕದ ಮಾತು. 'ಕಪ್ಪಾಗಿದ್ದೆ, ಈಗ ಬಣ್ಣ ಬಂತು' ಎಂದರೆ ಆ ಹದಿನೆಂಟು ತಿಂಗಳೂ ಜನ ತನ್ನ ಮುಖವನ್ನು ನೋಡಿ ಏನಂದುಕೊಂಡಿದ್ದರು ಎಂದು ಅವಳಿಗೆ ಮತ್ತೆ ಹೇಳಿದಂತೆ. ಅದನ್ನು ಹೊಗಳಿಕೆಯಾಗಿಯೂ ಎತ್ತಬಾರದು.

ಇಷ್ಟೆಲ್ಲ ಬಿಟ್ಟ ಮೇಲೆ ಉಳಿಯುವುದೇನು ಎಂದರೆ, ನಾನು ಕಣ್ಣಾರೆ ಕಂಡದ್ದು ಉಳಿಯುತ್ತದೆ. ಅದೇ ಸಂದೇಶಕ್ಕೆ ಸಾಕಾಗುವಷ್ಟಿದೆ. ಅವಳ ಕಾಲುಗಳ ಉರಿ ಇನ್ನೂ ಪೂರ್ತಿ ಹೋಗಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಹಾಗಾಗಿ ಕೊಡಚಾದ್ರಿಗೆ ಹೋಗೋಣ ಎನ್ನುವ ಬದಲು ಮನೆಯ ಊಟಕ್ಕೆ ಕರೆದೆ. ಬರಲಾಗದಿದ್ದರೆ ಬರದೆ ಇರಲೂ ದಾರಿ ಬಿಟ್ಟೆ. ಕಳಿಸಿದ ಸಂದೇಶ ಇದು:

'ಇವತ್ತಿಗೆ ಒಂದು ವರ್ಷ ಕಣೇ. ಬೆಳಿಗ್ಗೆ ಕಾಫಿ ಕುಡಿಯೋವಾಗ ನಿನ್ನದೇ ನೆನಪು. ಎರಡು ಗಂಟೆ ಕಾದು ಕಾದು ಕುಡೀತಿದ್ಯಲ್ಲ, ಈಗ ಎದ್ದ ತಕ್ಷಣ ಕುಡೀತೀಯ ಅಂತ ನೆನೆಸ್ಕೊಂಡ್ರೇ ಖುಷಿ ತಡೆಯೋಕೆ ಆಗ್ತಿಲ್ಲ. ಅಷ್ಟು ತಿಂಗಳು ಒಂದು ದಿನಾನೂ ಬಿಡದೆ ಮಾಡಿದೆ ನೀನು. ನಾನು ನೋಡಿದೀನಿ. ರಿಪೋರ್ಟ್ ತರೋ ದಿನ ಹೇಳು, ಜೊತೆಗೆ ಬರ್ತೀನಿ. ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ, ಅಕ್ಕಿರೊಟ್ಟಿ, ಎಣ್ಣೆಗಾಯಿ ಮಾಡ್ತೀನಿ. ಮನಸ್ಸಿಲ್ದಿದ್ರೆ ಬುತ್ತಿ ಕಟ್ಟಿ ನಾನೇ ತರ್ತೀನಿ. ಈಗಲೇ ಉತ್ತರ ಬರೀಬೇಕು ಅಂತೇನಿಲ್ಲ.'

ಓದಿದವರಿಗೆ ಇದರಲ್ಲಿ ರೋಗದ ಸುಳಿವು ಸಿಗುವುದಿಲ್ಲ. ಮುಂದೆ ಏನಾಗುತ್ತದೆ ಎಂಬ ಮಾತೂ ಇದರಲ್ಲಿ ಇಲ್ಲ. ವರದಿಯ ವಿಷಯವನ್ನು ಬಿಡಬಹುದಿತ್ತು, ಆದರೆ ಅವಳ ತಲೆಯಲ್ಲಿ ಆ ವಾರಗಳಲ್ಲಿ ಓಡುತ್ತಿದ್ದದ್ದೇ ಅದು. ಅದನ್ನು ಕಾಣದವರಂತೆ ಬರೆದಿದ್ದರೆ ಅವಳು ಒಬ್ಬಳೇ ಹೊರಬೇಕಾಗುತ್ತಿತ್ತು. ಒಂದೇ ಸಾಲಿನಲ್ಲಿ, ಜೊತೆಗಿರುತ್ತೇನೆ ಎಂದಷ್ಟೇ ಹೇಳಿ, ಊಟದ ಮಾತಿಗೆ ಹೋದದ್ದು ಸರಿಯೆಂದೇ ನನಗನಿಸುತ್ತದೆ.

ಭಾನುವಾರ ಅವಳು ಬಂದಳು. ಚಿಕಿತ್ಸೆ ಶುರುವಾದಾಗಿನಿಂದ ಅವಳ ಮನೆಯಲ್ಲಿ ಅವಳಿಗೊಂದು ಬೇರೆ ತಟ್ಟೆ, ಬೇರೆ ಲೋಟ. ಚಿಕಿತ್ಸೆ ಮುಗಿದರೂ ಅದು ಬದಲಾಗಿರಲಿಲ್ಲ, ಯಾರೂ ಬದಲಿಸುವ ಮಾತೆತ್ತಿರಲಿಲ್ಲ. ಟಿ.ಬಿ. ಗಾಳಿಯಿಂದ ಹರಡುವ ರೋಗ. ಕೆಮ್ಮಿದಾಗ ಹಾರುವ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲಿ ಇನ್ನೊಬ್ಬರ ಶ್ವಾಸಕೋಶಕ್ಕೆ ಹೋದರೆ ಅಂಟುತ್ತದೆ. ಅದಕ್ಕೆ ಬೇಕಾದದ್ದು ತೆರೆದ ಕಿಟಕಿ ಮತ್ತು ಶುರುವಿನಲ್ಲಿ ಮಾಸ್ಕ್. ಪಾತ್ರೆ ಬೇರೆ ಮಾಡುವುದರಿಂದ ಆಗುವುದು ಮನಸ್ಸಿಗೆ ಗಾಯವಷ್ಟೇ. ನಮ್ಮ ಮನೆಯಲ್ಲಿ ನಾವಿಬ್ಬರೂ ಒಂದೇ ಬಾಳೆಲೆಯಿಂದ ರೊಟ್ಟಿ ಮುರಿದು ತಿಂದೆವು. ಅವಳು ಹೆಚ್ಚು ಮಾತಾಡಲಿಲ್ಲ, ಮೂರು ರೊಟ್ಟಿ ತಿಂದಳು.

ವರದಿ ಆಮೇಲೆ ಬಂತು, ಏನೂ ಬೆಳೆದಿರಲಿಲ್ಲ. ಈ ಲೇಖನಕ್ಕೆ ಅವಳ ಒಪ್ಪಿಗೆ ಕೇಳಿದಾಗ, ಹೆಸರು ಬೇಡ, ತಟ್ಟೆಯ ವಿಷಯ ಮಾತ್ರ ತಪ್ಪದೆ ಬರಿ ಎಂದಳು.

ನಿಮ್ಮ ಬಳಗದಲ್ಲಿ ಇಂಥ ಚಿಕಿತ್ಸೆ ಮುಗಿಸಿದವರು ಇದ್ದರೆ ಹದಿನೆಂಟನೇ ತಿಂಗಳ, ಇಪ್ಪತ್ನಾಲ್ಕನೇ ತಿಂಗಳ ತಪಾಸಣೆಯ ತಾರೀಖು ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ಅವರೊಂದಿಗೆ ಆಸ್ಪತ್ರೆಗೆ ಹೋಗಿ, ಹಳೆಯ ಎಕ್ಸ್‌ರೇ ಕವರನ್ನು ನೀವು ಹಿಡಿದುಕೊಳ್ಳಿ. ಮನೆಯಲ್ಲಿ ಬೇರೆ ತಟ್ಟೆ ಇನ್ನೂ ಇದ್ದರೆ ಅದನ್ನು ಉಳಿದ ಪಾತ್ರೆಗಳ ಜೊತೆ ಸೇರಿಸಿಬಿಡಿ.